ಹಾಲುಣಿಸುವ ತಾಯಿ ಮತ್ತೆ ಬಸಿರಾಗುವುದು ಯಾವಾಗ? ಹೆರಿಗೆ ನಂತರದ ಗರ್ಭನಿರೋಧದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದ ಮಗಳು ಮೂರು ತಿಂಗಳಿಗೋ ಐದು ತಿಂಗಳಿಗೋ ಗಂಡನ ಮನೆಗೆ ಹೊರಡುತ್ತಾಳೆ. ತೊಟ್ಟಿಲು, ಕುಲಾಯಿ, ಅಂಟಿನುಂಡಿ ಎಲ್ಲವನ್ನೂ ಕಟ್ಟಿ ಕಳಿಸುವ ಮನೆಯಲ್ಲಿ ಮುಂದಿನ ಬಸಿರಿನ ಮಾತು ಮಾತ್ರ ಯಾರ ಬಾಯಿಗೂ ಬರುವುದಿಲ್ಲ. "ಹಾಲು ಕುಡಸ್ತಾಳಲ್ಲ, ಏನೂ ಆಗಂಗಿಲ್ಲ ಬಿಡು" ಎನ್ನುವ ಭರವಸೆಯೇ ಎಲ್ಲರಿಗೂ. ಆ ಭರವಸೆ ಎಲ್ಲಿಯವರೆಗೆ ನಿಜ, ಯಾವ ದಿನದಿಂದ ಸುಳ್ಳು ಎಂಬುದನ್ನೇ ಇಲ್ಲಿ ಹೆಚ್ಚಾಗಿ ಬರೆದಿದೆ. ಪ್ರಶ್ನೆಗಳು ಹೆರಿಗೆ ವಾರ್ಡಿನಲ್ಲಿ, ಕೂಸುಗಳ ಚುಚ್ಚುಮದ್ದಿನ ದಿನ ಅಂಗನವಾಡಿಯಲ್ಲಿ ತಾಯಂದಿರು ಕೇಳುವಂಥವು.

ಕೂಸಿಗೆ ಹಾಲು ಕುಡಸೋತನಕ ಬಸಿರಾಗಂಗಿಲ್ಲ ಅಂತಾರಲ್ರಿ, ಖರೇ ಏನು?

ಮೂರು ಷರತ್ತುಗಳು ಒಟ್ಟಿಗೆ ಇದ್ದರೆ ಖರೆ. ಒಂದು ತಪ್ಪಿದರೂ ಅದರ ಮೇಲೆ ಭರವಸೆ ಇಡುವಂತಿಲ್ಲ.

ಮೊದಲನೆಯದು, ಹೆರಿಗೆಯಾದ ಮೇಲೆ ಇನ್ನೂ ಮುಟ್ಟು ಬಂದಿರಬಾರದು. ಎರಡನೆಯದು, ಕೂಸಿಗೆ ಹಗಲೂ ರಾತ್ರಿಯೂ ಬರೀ ಎದೆಹಾಲು ಸಿಗುತ್ತಿರಬೇಕು. ಮೂರನೆಯದು, ಕೂಸಿಗೆ ಆರು ತಿಂಗಳು ತುಂಬಿರಬಾರದು. ಈ ಮೂರೂ ಇರುವ ನೂರು ತಾಯಂದಿರಲ್ಲಿ ಆ ಆರು ತಿಂಗಳೊಳಗೆ ಬಸಿರಾಗುವವರು ಹೆಚ್ಚೆಂದರೆ ಇಬ್ಬರು. ಆಸ್ಪತ್ರೆಯಲ್ಲಿ ಇದನ್ನು ಲ್ಯಾಮ್ ವಿಧಾನ ಎನ್ನುತ್ತಾರೆ. ಲೋಕದ ಹಲವು ಕಡೆಯ ತಜ್ಞರು 1988ರಲ್ಲಿ ಇಟಲಿಯ ಬೆಲ್ಲಾಜಿಯೊದಲ್ಲಿ ಸೇರಿ, ಹಾಲುಣಿಸುವುದರಿಂದ ಸಿಗುವ ರಕ್ಷಣೆಗೆ ಇಂಥ ಎಲ್ಲೆಗಳಿವೆ ಎಂದು ಒಪ್ಪಿದರು. ಅಂದರೆ ಅಜ್ಜಿಯರ ಮಾತಿನಲ್ಲಿ ಹುರುಳಿದೆ. ಆ ಮಾತಿನ ಜೊತೆಗೆ ಬರಬೇಕಾದ ಷರತ್ತುಗಳು ಮಾತ್ರ ದಾರಿಯಲ್ಲೆಲ್ಲೋ ಬಿಟ್ಟುಹೋಗಿವೆ.

ಇದು ಹೇಗೆ ಕೆಲಸ ಮಾಡುತ್ತದೆಂದು ತಿಳಿದರೆ ಷರತ್ತುಗಳೂ ನೆನಪಿನಲ್ಲಿ ಉಳಿಯುತ್ತವೆ. ಕೂಸು ಎದೆ ಚೀಪಿದಾಗ ಆ ಸಂಕೇತ ತಾಯಿಯ ಮೆದುಳಿಗೆ ಹೋಗುತ್ತದೆ. ಹಾಲು ತರಿಸುವ ಪ್ರೊಲ್ಯಾಕ್ಟಿನ್ ಹಾರ್ಮೋನು ಏರುತ್ತದೆ, ಅಂಡಾಶಯಕ್ಕೆ ಅಂಡ ಬಲಿಸಲು ಮೆದುಳಿನಿಂದ ಹೋಗಬೇಕಾದ ಹಾರ್ಮೋನಿನ ಮಿಡಿತ ಕುಗ್ಗುತ್ತದೆ. ಅಂಡ ಬಿಡುಗಡೆಯಾಗದಿದ್ದರೆ ಬಸಿರೂ ಇಲ್ಲ, ಮುಟ್ಟೂ ಇಲ್ಲ. ಇದೆಲ್ಲ ನಡೆಯುವುದು ಚೀಪುವುದರಿಂದ. ಎದೆಯಲ್ಲಿ ಎಷ್ಟು ಹಾಲಿದೆ ಎನ್ನುವುದಕ್ಕಿಂತ ಕೂಸು ಎಷ್ಟು ಸಲ, ಎಷ್ಟು ಹೊತ್ತಿಗೊಮ್ಮೆ ಚೀಪುತ್ತದೆ ಎನ್ನುವುದೇ ಇಲ್ಲಿ ಮುಖ್ಯ. ಹಗಲಿನಲ್ಲಿ ಎರಡು ಹಾಲೂಡುವಿಕೆಯ ನಡುವೆ ನಾಲ್ಕು ಗಂಟೆಗಿಂತ, ರಾತ್ರಿ ಆರು ಗಂಟೆಗಿಂತ ಹೆಚ್ಚು ಅಂತರ ಬೀಳಬಾರದು. "ಬಾಣಂತಿ ನಿದ್ದಿ ಮಾಡ್ಲಿ" ಎಂದು ಅಜ್ಜಿ ಕೂಸನ್ನು ರಾತ್ರಿಯಿಡೀ ತನ್ನ ಬಳಿ ಮಲಗಿಸಿಕೊಂಡು ಬಾಟಲಿ ಹಾಲು ಕೊಡುವುದು ಪ್ರೀತಿಯ ಕೆಲಸವೇ. ಆದರೆ ಅಲ್ಲಿಗೆ ಲ್ಯಾಮ್ ಮುರಿಯಿತು.

ಬರೇ ಎದೆಹಾಲು ಅಂದ್ರ ಬ್ಯಾಸಗ್ಯಾಗ ಒಂದು ಒಳ್ಳೆ ನೀರೂ ಹಾಕಬಾರ್ದೇನ್ರಿ?

ಹಾಕಬಾರದು. ನಮ್ಮ ಕಡೆ ಲ್ಯಾಮ್ ಮುರಿಯುವುದು ಹೆಚ್ಚಾಗಿ ಇಲ್ಲಿಯೇ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿದಾಗ ಕೂಸಿನ ತುಟಿ ಒಣಗಿದ್ದು ಕಂಡು ಯಾರಿಗಾದರೂ ಕರುಳು ಚುರ್ ಎನ್ನುತ್ತದೆ. ಆದರೆ ಎದೆಹಾಲಿನಲ್ಲಿ ನೂರಕ್ಕೆ ಎಂಬತ್ತೇಳರಷ್ಟು ಇರುವುದು ನೀರೇ. ಕೂಸಿಗೆ ದಾಹವಾದರೆ ಇನ್ನೊಮ್ಮೆ ಎದೆಗೆ ಹಾಕಿಕೊಳ್ಳಬೇಕು, ನೀರು ಕುಡಿಯಬೇಕಾದವಳು ತಾಯಿ. ಕೂಸು ದಿನಕ್ಕೆ ಆರು ಸಲವೋ ಹೆಚ್ಚೋ ತಿಳಿ ಬಣ್ಣದ ಉಚ್ಚೆ ಹೊಯ್ಯುತ್ತಿದ್ದರೆ ಅದಕ್ಕೆ ಸಾಕಷ್ಟು ನೀರು ಸಿಗುತ್ತಿದೆ ಎಂದೇ ಅರ್ಥ.

ಒಂದು ಒಳ್ಳೆ ನೀರು ಕುಡಿದ ಪುಟ್ಟ ಹೊಟ್ಟೆ ಅಷ್ಟು ಹೊತ್ತು ಎದೆ ಕೇಳುವುದಿಲ್ಲ. ದಿನಕ್ಕೆ ನಾಲ್ಕು ಸಲ ನೀರು ಹಾಕಿದರೆ ಎರಡು ಮೂರು ಸಲದ ಚೀಪುವಿಕೆ ತಪ್ಪುತ್ತದೆ. ಗ್ರೈಪ್ ವಾಟರ್, ಸಕ್ಕರೆ ನೀರು, ಆಕಳ ಹಾಲು, ತೇಯ್ದ ಬಜೆ, ಹರಳೆಣ್ಣೆ ಇವೂ ಬೇಡ. ಜೇನುತುಪ್ಪವಂತೂ ವರ್ಷ ತುಂಬುವ ತನಕ ಕೂಸಿನ ಬಾಯಿಗೆ ತಾಕಿಸಲೇಬಾರದು, ಅದರಿಂದ ಕೂಸಿಗೆ ಜೀವಕ್ಕೇ ಕುತ್ತು ತರುವ ನಂಜು ಆಗಬಹುದು. ವೈದ್ಯರು ಬರೆದುಕೊಟ್ಟ ವಿಟಮಿನ್ ಹನಿ, ಔಷಧಿ ಹಾಕಿದರೆ ಲ್ಯಾಮ್ ಮುರಿಯುವುದಿಲ್ಲ.

ಎದೆಹಾಲನ್ನೇ ಹಿಂಡಿಟ್ಟು ಚಮಚದಲ್ಲಿ ಕುಡಿಸಿದರೆ ಕೂಸಿಗೆ ಕೊರತೆಯಿಲ್ಲ, ಕೆಲಸಕ್ಕೆ ಹೋಗುವ ತಾಯಿಗೆ ಅದು ಒಳ್ಳೆಯ ದಾರಿ. ಆದರೆ ಬಸಿರು ತಡೆಯುವ ವಿಷಯದಲ್ಲಿ ಹಿಂಡಿದ ಹಾಲು, ಕೂಸು ಚೀಪಿದಷ್ಟು ಗಟ್ಟಿಯಲ್ಲ.

ಹೆರಿಗಿ ರಕ್ತ ನಿಂತಿತ್ತು, ಮತ್ತ ಕಾಣಿಸ್ಕೊಂಡೈತಿ. ಇದು ಮುಟ್ಟೇನು?

ಹೆರಿಗೆಯ ದಿನದಿಂದ ಲೆಕ್ಕ ಹಾಕಿ. ಬರೀ ಎದೆಹಾಲು ಕೊಡುವ ತಾಯಿಗೆ 56 ದಿನದೊಳಗೆ ಆಗಾಗ ಕಾಣಿಸುವ ರಕ್ತ ಹೆರಿಗೆಯದೇ ಉಳಿಕೆ, ಅದನ್ನು ಮುಟ್ಟೆಂದು ಎಣಿಸುವುದಿಲ್ಲ. 56 ದಿನ ದಾಟಿದ ಮೇಲೆ ಬೆನ್ನುಬೆನ್ನಿಗೆ ಎರಡು ದಿನ ರಕ್ತ ಕಂಡರೆ, ಅದು ಬರೀ ಕಲೆಯಷ್ಟಿದ್ದರೂ, ಮುಟ್ಟು ಮರಳಿತೆಂದೇ ತಿಳಿದು ಅಂದಿನಿಂದಲೇ ಬೇರೆ ವಿಧಾನ ಹಿಡಿಯಬೇಕು. ಬಟ್ಟೆ ಗಂಟೆಗೊಂದು ತೋಯುವಷ್ಟು ರಕ್ತ, ಕೆಟ್ಟ ವಾಸನೆ, ಜ್ವರ ಇದ್ದರೆ ಮಾತ್ರ ದಿನ ಎಣಿಸುತ್ತ ಕೂಡದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಮುಟ್ಟೇ ಬರಲಾರದ ಬಸಿರು ಹೆಂಗ ನಿಲ್ಲತೈತ್ರಿ?

ಅಂಡ ಬಿಡುಗಡೆಯಾಗುವುದು ಮೊದಲು. ಅದಾಗಿ ಸುಮಾರು ಎರಡು ವಾರದ ಮೇಲೆ ಮುಟ್ಟು ಬರುತ್ತದೆ. ಹೆರಿಗೆಯ ನಂತರದ ಮೊದಲ ಅಂಡ ಹೊರಬಂದಾಗ ನಿಮಗೆ ಯಾವ ಸುಳಿವೂ ಸಿಗುವುದಿಲ್ಲ. ಆ ಹೊತ್ತಿನಲ್ಲೇ ಗರ್ಭ ಕಟ್ಟಿದರೆ ಬರಬೇಕಿದ್ದ ಮುಟ್ಟು ಬರುವುದೇ ಇಲ್ಲ. "ಹಾಲು ಕುಡಸೋದಕ್ಕ ಇನ್ನೂ ಮುಟ್ಟಾಗಿಲ್ಲ" ಎಂದುಕೊಂಡಿರುವಾಗಲೇ ಹೊಟ್ಟೆಯಲ್ಲಿ ಎರಡು ಮೂರು ತಿಂಗಳಾಗಿರುತ್ತದೆ.

ಹಾಗಿದ್ದರೆ ಲ್ಯಾಮ್ ಆರು ತಿಂಗಳು ನಡೆಯುವುದು ಹೇಗೆ ಎಂದು ಜಾಣ ತಾಯಂದಿರು ಕೇಳುತ್ತಾರೆ. ಮೊದಲ ಆರು ತಿಂಗಳಲ್ಲಿ ಬರೀ ಎದೆಹಾಲು ಕೊಡುವವರಿಗೆ ಹೆಚ್ಚಾಗಿ ಮುಟ್ಟೇ ಮೊದಲು ಬರುತ್ತದೆ, ಅಂಡ ಆಮೇಲೆ. ಅಂಡ ಮೊದಲೇ ಬಂದರೂ ಗರ್ಭ ನಿಲ್ಲುವಷ್ಟು ಬಲ ಆ ಚಕ್ರಕ್ಕೆ ಅನೇಕ ಸಲ ಇರುವುದಿಲ್ಲ. ಹಾಗಾಗಿ ಮುಟ್ಟು ಎಚ್ಚರಿಕೆ ಕೊಡುತ್ತದೆ. ಆರು ತಿಂಗಳ ನಂತರ ಇದು ತಿರುಗುತ್ತದೆ: ಮುಟ್ಟಿಗೆ ಮುಂಚೆ ಒಳ್ಳೆಯ ಅಂಡ ಬರುವ ಸಾಧ್ಯತೆ ತಿಂಗಳಿಂದ ತಿಂಗಳಿಗೆ ಏರುತ್ತದೆ. ಅದೇ ಹೊತ್ತಿಗೆ ಕೂಸಿಗೆ ಗಂಜಿ, ಅನ್ನದ ರುಚಿ ಹತ್ತಿ ಚೀಪುವುದು ಕಡಿಮೆಯಾಗುತ್ತದೆ. ಆದ್ದರಿಂದ ಆರು ತಿಂಗಳು ತುಂಬಿದ ದಿನ, ಮುಟ್ಟು ಬರಲಿ ಬಿಡಲಿ, ಲ್ಯಾಮ್ ಮುಗಿಯಿತು.

ಒಂದು ಲೆಕ್ಕ ಹಾಕಿ ತೋರಸ್ರಿ, ತಿಳಿಯಂಗಿಲ್ಲ.

ಸಿಂಧನೂರು ಕಡೆಯ ಒಬ್ಬ ತಾಯಿ ಎಂದಿಟ್ಟುಕೊಳ್ಳೋಣ. ಮಾರ್ಚ್ 10ಕ್ಕೆ ತವರಿನಲ್ಲಿ ಸಹಜ ಹೆರಿಗೆ. ನವಜಾತ ಶಿಶುವಿನ ಆರೈಕೆಗೆಂದು ಆಶಾ ಕಾರ್ಯಕರ್ತೆ ಮನೆಗೆ ಬರುವ ಭೇಟಿಗಳಲ್ಲಿ ಕೊನೆಯದು 42ನೇ ದಿನ, ಅಂದರೆ ಏಪ್ರಿಲ್ 21. ಐವತ್ತಾರು ದಿನ ತುಂಬುವುದು ಮೇ 5ಕ್ಕೆ. ಆರು ತಿಂಗಳು ತುಂಬುವುದು ಸೆಪ್ಟೆಂಬರ್ 10ಕ್ಕೆ. ಅವಳು ಕೂಸಿಗೆ ನೀರು ಸಹ ಹಾಕಿಲ್ಲ, ರಾತ್ರಿ ಮಗ್ಗುಲಲ್ಲೇ ಮಲಗಿಸಿಕೊಂಡು ಹಾಲೂಡಿಸಿದ್ದಾಳೆ, ಮುಟ್ಟಾಗಿಲ್ಲ. ಜುಲೈ ಕೊನೆಯವರೆಗೆ ಅವಳ ಲ್ಯಾಮ್ ಗಟ್ಟಿಯಾಗಿದೆ.

ಆಗಸ್ಟ್ ಮೊದಲ ವಾರ ಐದು ತಿಂಗಳಿಗೆ ಬಂತೆಂದು ಗಂಡನ ಮನೆಗೆ ಕಳಿಸಿದರು. ಹತ್ತಿ ಹೊಲದಲ್ಲಿ ಕಳೆ ತೆಗೆಯುವ ಹಂಗಾಮು. ಮುಂಜಾನೆ ಎಂಟಕ್ಕೆ ಹಾಲೂಡಿಸಿ ಹೊಲಕ್ಕೆ ಹೋದರೆ ಬರುವುದು ಮಧ್ಯಾಹ್ನ ಎರಡಕ್ಕೆ. ನಡುವೆ ಅತ್ತೆ ಆಕಳ ಹಾಲಿನಲ್ಲಿ ಬಿಸ್ಕೀಟು ನೆನೆಸಿ ತಿನ್ನಿಸುತ್ತಾರೆ. ಹಗಲಿನ ಅಂತರ ಆರು ಗಂಟೆಯಾಯಿತು, ಬರೀ ಎದೆಹಾಲು ಎಂಬುದೂ ಹೋಯಿತು. ಹೊಲಕ್ಕೆ ಹೋದ ಮೊದಲ ದಿನವೇ ಅವಳ ರಕ್ಷಣೆ ಮುಗಿದಿದೆ. ತವರಿನಲ್ಲಿದ್ದಾಗ ದೂರವಿದ್ದ ಗಂಡ ಹೆಂಡತಿ ಒಟ್ಟಿಗೆ ಇರಲು ತೊಡಗಿದ್ದೂ ಆಗಲೇ.

ಸೆಪ್ಟೆಂಬರ್ 25ರ ಸುಮಾರಿಗೆ ಮೊದಲ ಅಂಡ ಬಂದು ಗರ್ಭ ಕಟ್ಟಿದರೆ ಮುಂದಿನ ಹೆರಿಗೆ ಬರುವ ಜೂನ್ 18ರ ಆಸುಪಾಸು. ಎರಡು ಕೂಸುಗಳ ನಡುವೆ ಹದಿನೈದೇ ತಿಂಗಳು. ಒಂದು ಹೆರಿಗೆಯಾಗಿ ಕನಿಷ್ಠ ಎರಡು ವರ್ಷ ಕಳೆದ ಮೇಲೆ ಮುಂದಿನ ಬಸಿರು ನಿಲ್ಲಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇಲ್ಲಿ ಅದು ಆರೂವರೆ ತಿಂಗಳಿಗೇ ನಿಂತಿದೆ. ರಕ್ತ ಕಡಿಮೆಯಿರುವ ತಾಯಿಗೆ, ಸಿಸೇರಿಯನ್ ಹೊಲಿಗೆ ಇರುವ ಗರ್ಭಚೀಲಕ್ಕೆ ಇದು ದೊಡ್ಡ ಭಾರ.

ಈಕೆ ಜುಲೈ ಕೊನೆಯಲ್ಲಿ, ಲ್ಯಾಮ್ ಇನ್ನೂ ಗಟ್ಟಿಯಿರುವಾಗಲೇ, ತವರೂರಿನ ಉಪಕೇಂದ್ರದಿಂದ ಮತ್ತೊಂದು ವಿಧಾನ ಶುರುಮಾಡಿ ಹೊರಟಿದ್ದರೆ ನಡುವೆ ಒಂದು ದಿನವೂ ಖಾಲಿ ಬೀಳುತ್ತಿರಲಿಲ್ಲ. ಹೊಸ ಊರಿನ ಆಶಾ ಪರಿಚಯವಾಗಲು, ಅತ್ತೆಯ ಮುಂದೆ ಆ ಮಾತು ಎತ್ತಲು ತಿಂಗಳುಗಳೇ ಹಿಡಿಯುತ್ತವೆ. ಅದಕ್ಕೇ ತವರು ಬಿಡುವ ಮುಂಚೆ ಎಂದು ಒತ್ತಿ ಹೇಳುವುದು. ತಾಯಿ ಕಾರ್ಡನ್ನೂ ಮರೆಯದೆ ಜೊತೆಗೆ ಒಯ್ಯಿರಿ.

ಬಸಿರು ನಿಂತೈತೋ ಇಲ್ಲೋ ಅಂತ ಹೆಂಗ ಗೊತ್ತಾಗಬೇಕು?

ಹಾಲು ಇದ್ದಕ್ಕಿದ್ದಂತೆ ಕಡಿಮೆಯಾಗುವುದು, ಮೊಲೆತೊಟ್ಟು ನೋಯುವುದು, ಓಕರಿಕೆ, ಅತಿಯಾದ ಸುಸ್ತು, ಕೂಸು ಎದೆ ಬಿಟ್ಟು ಮುಖ ತಿರುಗಿಸುವುದು. ಇವುಗಳಲ್ಲಿ ಯಾವುದು ಕಂಡರೂ ಮುಟ್ಟಿನ ದಾರಿ ಕಾಯಬೇಡಿ. ಆಶಾ ಬಳಿ ಮೂತ್ರ ಪರೀಕ್ಷೆಯ ಕಿಟ್ ಇರುತ್ತದೆ. ಮುಂಜಾನೆಯ ಮೊದಲ ಮೂತ್ರದಲ್ಲಿ ನೋಡಿ, ಇಲ್ಲವೆಂದು ಬಂದರೂ ಅನುಮಾನವಿದ್ದರೆ ಒಂದು ವಾರ ಬಿಟ್ಟು ಮತ್ತೆ ನೋಡಿ.

ಹಾಲು ಕುಡಸೋರು ಯಾವ ವಿಧಾನ ಮಾಡಬಹುದು? ಹಾಲು ಬತ್ತಂಗಿಲ್ಲೇನು?

ಹಾಲಿಗೆ ಕುತ್ತು ತರದ ವಿಧಾನಗಳು ಸಾಕಷ್ಟಿವೆ, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತವೆ.

ಛಾಯಾ ಮಾತ್ರೆಯನ್ನು ಮೊದಲು ಹೇಳುತ್ತೇನೆ, ನಮ್ಮ ಕಡೆಯ ಬಾಣಂತಿಯರಿಗೆ ಇದು ಚೆನ್ನಾಗಿ ಒಗ್ಗುತ್ತದೆ ಎಂಬುದು ನನ್ನ ಅಭಿಪ್ರಾಯ. ಇದರಲ್ಲಿ ಹಾರ್ಮೋನು ಇಲ್ಲ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ನಮ್ಮ ದೇಶದ್ದೇ ಮಾತ್ರೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಲ, ಆಮೇಲೆ ವಾರಕ್ಕೆ ಒಂದೇ ಸಲ. ಭಾನುವಾರ ಮೊದಲ ಮಾತ್ರೆ ನುಂಗಿದರೆ ಎರಡನೆಯದು ಬುಧವಾರ, ಮತ್ತೆ ಭಾನುವಾರ, ಮತ್ತೆ ಬುಧವಾರ. ಮೂರು ತಿಂಗಳು ಮುಗಿದ ಮೇಲೆ ಬರೀ ಭಾನುವಾರ. ನಿಮ್ಮೂರ ಸಂತೆಯ ದಿನಕ್ಕೆ ಹೊಂದಿಸಿಕೊಂಡರೆ ಮರೆಯುವುದಿಲ್ಲ. ಒಂದೆರಡು ದಿನ ಮರೆತರೆ ನೆನಪಾದ ಕೂಡಲೇ ನುಂಗಿ, ಮುಂದಿನ ಮುಟ್ಟಿನ ತನಕ ಜೊತೆಗೆ ನಿರೋಧ್ ಬಳಸಿ. ಏಳು ದಿನಕ್ಕಿಂತ ಹೆಚ್ಚು ತಪ್ಪಿದರೆ ಹೊಸಬರಂತೆ ಮತ್ತೆ ವಾರಕ್ಕೆ ಎರಡರಿಂದ ಶುರು. ಮುಟ್ಟು ಕೆಲವರಿಗೆ ತಡವಾಗುತ್ತದೆ, ಅಷ್ಟಕ್ಕೆ ಹೆದರಬೇಕಿಲ್ಲ. ಇತ್ತೀಚೆಗೆ ಕಾಮಾಲೆ ಆಗಿದ್ದವರು, ಲಿವರ್ ತೊಂದರೆ ಇರುವವರು, ಅಂಡಾಶಯದಲ್ಲಿ ನೀರುಗುಳ್ಳೆ ಇರುವವರು ವೈದ್ಯರನ್ನು ಕೇಳದೆ ನುಂಗಬಾರದು.

ವಂಕಿ, ಅಂದರೆ ಕಾಪರ್-ಟಿ, ಗಂಡ ಗುಳೆ ಹೋಗಿ ಹಬ್ಬಕ್ಕೊಮ್ಮೆ ಊರಿಗೆ ಬರುವ ಮನೆಗಳಿಗೆ ಹೇಳಿ ಮಾಡಿಸಿದ್ದು. ಯಾರು ಯಾವಾಗ ಬರುತ್ತಾರೆಂದು ಲೆಕ್ಕ ಇಡಬೇಕಿಲ್ಲ. ಹೆರಿಗೆಯಾಗಿ ಮಾಸು ಬಿದ್ದ ಕೂಡಲೇ, ಸಿಸೇರಿಯನ್ ಆದರೆ ಹೊಲಿಗೆ ಹಾಕುವ ಮುಂಚೆ, ಇಲ್ಲವೇ 48 ಗಂಟೆಯೊಳಗೆ ಹಾಕಿಸಿಕೊಳ್ಳಬಹುದು. ಆ ಹೊತ್ತು ತಪ್ಪಿದರೆ ಆರು ವಾರದ ಮೇಲೆ. ಒಂದು ಬಗೆಯದು ಐದು ವರ್ಷ, ಇನ್ನೊಂದು ಹತ್ತು ವರ್ಷ ನಡೆಯುತ್ತದೆ, ಬೇಡವೆಂದಾಗ ತೆಗೆಸಬಹುದು. ಹೆರಿಗೆಯಾದ ಕೂಡಲೇ ಹಾಕಿದ್ದು ಕೆಲವರಲ್ಲಿ ತಾನೇ ಜಾರಿ ಬೀಳುತ್ತದೆ, ಆದ್ದರಿಂದ ಆರು ವಾರಕ್ಕೆ ಹೋಗಿ ದಾರ ನೋಡಿಸಿಕೊಳ್ಳಲೇಬೇಕು. ಮೊದಲ ತಿಂಗಳುಗಳಲ್ಲಿ ರಕ್ತ, ಹೊಟ್ಟೆನೋವು ಸ್ವಲ್ಪ ಹೆಚ್ಚಿರಬಹುದು. ಜ್ವರ, ಕೆಟ್ಟ ವಾಸನೆಯ ಬಿಳಿಸೆರಗು, ಕೆಳಹೊಟ್ಟೆಯಲ್ಲಿ ಬಿಡದ ನೋವು ಇದ್ದರೆ ಅಂದೇ ತೋರಿಸಿ. ವಂಕಿ ಎದೆಗೆ ಏರುತ್ತದೆ ಎಂಬ ಮಾತು ಸುಳ್ಳು, ಗರ್ಭಚೀಲದಿಂದ ಎದೆಗೆ ದಾರಿಯೇ ಇಲ್ಲ.

ಅಂತರಾ ಚುಚ್ಚುಮದ್ದು ಮೂರು ತಿಂಗಳಿಗೊಂದು. ಹಾಲುಣಿಸುವವರಿಗೆ ಆರು ವಾರ ತುಂಬಿದ ಮೇಲೆ ಕೊಡುತ್ತಾರೆ. ಹಾಲು ಬತ್ತುವುದಿಲ್ಲ. ಮುಟ್ಟು ಏರುಪೇರಾಗುತ್ತದೆ, ಮೊದಲು ಮಧ್ಯೆ ಮಧ್ಯೆ ಕಾಣಿಸಿ ಆಮೇಲೆ ನಿಂತೇ ಹೋಗಬಹುದು. ಇದು ಮದ್ದಿನ ಗುಣ, ಕೆಟ್ಟ ರಕ್ತ ಒಳಗೆ ಕೂಡಿಕೊಳ್ಳುತ್ತದೆ ಎಂದಲ್ಲ. ಬಿಟ್ಟ ಮೇಲೆ ಬಸಿರು ಮರಳಲು ಕೊನೆಯ ಸೂಜಿಯಿಂದ ಏಳರಿಂದ ಹತ್ತು ತಿಂಗಳು ಹಿಡಿಯುತ್ತದೆ. ಬೇಗ ಇನ್ನೊಂದು ಕೂಸು ಬೇಕೆನ್ನುವವರು ಅದನ್ನು ಯೋಚಿಸಬೇಕು. ಬಿ.ಪಿ. ತೀರ ಹೆಚ್ಚಿರುವವರಿಗೆ ಇದು ಆಗದು.

ನಿರೋಧ್ ಯಾವ ದಿನದಿಂದಲೂ ಆದೀತು. ಮಕ್ಕಳು ಸಾಕು ಎನ್ನುವವರಿಗೆ ಹೆರಿಗೆಯಾದ ಏಳು ದಿನದೊಳಗೆ, ಇಲ್ಲವೇ ಆರು ವಾರದ ಮೇಲೆ ಆಪರೇಷನ್ ಇದೆ. ಗಂಡಸರ ಆಪರೇಷನ್ ಇದಕ್ಕಿಂತ ಚಿಕ್ಕದು, ಹೊಲಿಗೆಯೂ ಬೇಡ, ಬಾಣಂತಿಯ ಮೈಗೆ ಮತ್ತೊಂದು ಗಾಯವೂ ಇಲ್ಲ. ಆದರೂ ನಮ್ಮ ಕಡೆ ಮುಂದೆ ಬರುವ ಗಂಡಸರು ಬಹಳ ಕಡಿಮೆ, ಇದು ಬದಲಾಗಬೇಕು. ಮಾಡಿಸಿಕೊಂಡ ಮೇಲೆ ಮೂರು ತಿಂಗಳು ನಿರೋಧ್ ಬಳಸಿ, ವೀರ್ಯ ಪರೀಕ್ಷೆ ಮಾಡಿಸಿ ಖಾತ್ರಿ ಮಾಡಿಕೊಳ್ಳಬೇಕು.

ಮೆಡಿಕಲ್ ಶಾಪಿನ್ಯಾಗ ಸಿಗೋ ದಿನದ ಗುಳಿಗಿ ನುಂಗಬಹುದೇನು? ಮಾಲಾ-ಎನ್ ಮನ್ಯಾಗ ಐತಿ.

ಕೂಸಿಗೆ ಆರು ತಿಂಗಳು ತುಂಬುವ ತನಕ ಬೇಡ. ಮಾಲಾ-ಎನ್ ಮತ್ತು ಅಂಗಡಿಯ ಬಹುಪಾಲು ದಿನದ ಮಾತ್ರೆಗಳಲ್ಲಿ ಈಸ್ಟ್ರೋಜನ್ ಇರುತ್ತದೆ. ಅದು ಹಾಲನ್ನು ಕಡಿಮೆ ಮಾಡಬಹುದು. ಹೆರಿಗೆಯಾದ ಮೊದಲ ಆರು ವಾರದಲ್ಲಿ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮೊದಲೇ ಹೆಚ್ಚಿರುತ್ತದೆ, ಈ ಮಾತ್ರೆ ಅದನ್ನು ಇನ್ನೂ ಏರಿಸುತ್ತದೆ. ಬರೀ ಪ್ರೊಜೆಸ್ಟಿನ್ ಇರುವ ಮಾತ್ರೆ ಬೇರೆ, ಅದು ಹಾಲುಣಿಸುವವರಿಗೆ ಆಗುತ್ತದೆ. ಯಾವುದು ಯಾವುದೆಂದು ಹೊದಿಕೆ ನೋಡಿ ತಿಳಿಯುವುದು ಕಷ್ಟ, ಚೀಟಿ ಇಲ್ಲದೆ ಕೊಳ್ಳಬೇಡಿ. ಜಾತ್ರೆ, ಮದುವೆ ಎಂದು ಮುಟ್ಟು ಮುಂದೂಡಲು ನುಂಗುವ ಮಾತ್ರೆಯನ್ನು ಬಸಿರು ತಡೆಯುತ್ತದೆಂದು ನಂಬಬೇಡಿ.

ಒಂದು ಸಲ ಅಜಾಗರೂಕತಿ ಆಗ್ಯದ. ಈಗೇನ್ರಿ?

ಎಪ್ಪತ್ತೆರಡು ಗಂಟೆಯೊಳಗೆ ತುರ್ತು ಮಾತ್ರೆ ಒಂದನ್ನು ನುಂಗಿ, ಬೇಗ ನುಂಗಿದಷ್ಟೂ ಒಳ್ಳೆಯದು. ಆಶಾ ಬಳಿ ಸಿಗುತ್ತದೆ. ಲೆವೊನಾರ್ಜೆಸ್ಟ್ರೆಲ್ ಇರುವ ಈ ಮಾತ್ರೆ ನುಂಗಿದರೂ ಹಾಲುಣಿಸುವುದನ್ನು ಮುಂದುವರಿಸಬಹುದು. ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ನುಂಗಬೇಕು. ತಿಂಗಳು ತಿಂಗಳು ಇದನ್ನೇ ನೆಚ್ಚಿಕೊಂಡರೆ ಕೈಕೊಡುತ್ತದೆ. ಮೂರು ವಾರದ ಮೇಲೆ ಕಿಟ್ ಹಾಕಿ ನೋಡಿ.

ನನ್ನ ಕೂಸು ಉಳೀಲಿಲ್ರಿ. ನನಗೂ ಇದೆಲ್ಲ ಬೇಕೇನು?

ಬೇಕು ತಂಗಿ, ನಿನಗೆ ಇನ್ನೂ ಬೇಗ ಬೇಕು. ಎದೆ ಚೀಪುವ ಕೂಸಿಲ್ಲದಾಗ ಅಂಡವನ್ನು ತಡೆಯುವುದು ಏನೂ ಇಲ್ಲ. ಹೆರಿಗೆಯಾಗಿ ನಾಲ್ಕೇ ವಾರದಲ್ಲಿ ಅಂಡ ಬರಬಹುದು, ಹಾಗಾಗಿ 21ನೇ ದಿನದಿಂದ ಯಾವುದಾದರೂ ವಿಧಾನ ಇರಬೇಕು. ಕಾರಣ ಏನಿದ್ದರೂ ಡಬ್ಬಿ ಹಾಲಿನ ಮೇಲೆ ಇರುವ ಕೂಸಿನ ತಾಯಿಗೂ ಇದೇ ಲೆಕ್ಕ. ಕೂಸು ನವಜಾತ ಶಿಶು ಘಟಕದಲ್ಲಿದ್ದು ನಳಿಗೆಯಲ್ಲಿ ಹಾಲು ಕುಡಿಯುತ್ತಿದ್ದರೆ ಆ ತಾಯಿಯೂ ಲ್ಯಾಮ್ ನಂಬಬಾರದು.

"ಬೇಗ ಇನ್ನೊಂದಾಗಲಿ, ದುಃಖ ಮರೆಯುತ್ತದೆ" ಎಂದು ಮನೆಯವರು ಒತ್ತಾಯಿಸುತ್ತಾರೆ. ನಿನ್ನ ಮೈ ಹೆರಿಗೆಯಿಂದ ಇನ್ನೂ ಚೇತರಿಸಿಲ್ಲ, ರಕ್ತ ತುಂಬಿಲ್ಲ, ಕೂಸು ಹೋಗಿದ್ದು ಏಕೆಂಬ ಪರೀಕ್ಷೆಯೂ ಬಾಕಿಯಿರಬಹುದು. ಆ ಪರೀಕ್ಷೆಗಳು ಮುಗಿದು, ಹಿಮೋಗ್ಲೋಬಿನ್ ಏರಿ, ನಿನಗೆ ಮನಸ್ಸು ಬಂದ ಮೇಲೆ ವೈದ್ಯರ ಜೊತೆ ಕೂತು ನಿರ್ಧರಿಸು. ಅಲ್ಲಿಯವರೆಗೆ ನಿರೋಧ್ ಅಥವಾ ಛಾಯಾ ಸಾಕು, ಬೇಕೆಂದಾಗ ನಿಲ್ಲಿಸಬಹುದು. ಎದೆ ಕಟ್ಟಿ ನೋಯುತ್ತಿದ್ದರೆ ತಣ್ಣನೆ ಬಟ್ಟೆ ಇಟ್ಟುಕೋ, ನೋವು ತಗ್ಗುವಷ್ಟು ಮಾತ್ರ ಹಾಲು ಹಿಂಡು, ಎದೆ ಕೆಂಪಾಗಿ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಬಾ.